ಲಕ್ಷ ಕೋಟಿಯ ಲೆಕ್ಕದಲ್ಲಿ ಭದ್ರಾವತಿಯ ಕಾಲಂ

ಹೆಗ್ಗೋಡಿನ ಸುತ್ತಿನ ಅಡಿಕೆ ಬೆಳೆಗಾರರಿಗೆ ವಾರ್ಷಿಕ ವರದಿ ಹೊಸದೇನಲ್ಲ. ಸಂಘದ ಮೂಲಕ ಸದಸ್ಯರ ಅಡಿಕೆ ಎಷ್ಟು ಕೋಟಿಗೆ ಮಾರಾಟವಾಯಿತು ಎಂಬುದು ಒಂದು ಅಂಕಿ, ಅದರಲ್ಲಿ ಸಂಘಕ್ಕೆ ಸಿಕ್ಕ ಕಮಿಷನ್ ಎಷ್ಟು ಎಂಬುದು ಬೇರೆಯೇ ಅಂಕಿ ಎಂದು ಅವರು ಬಲ್ಲರು. ಮೊದಲನೆಯದು ಬೆಳೆಗಾರರ ದುಡ್ಡು. ಸಂಘದ ಆದಾಯ ಎರಡನೆಯದು. ಇಷ್ಟು ಬಿಡಿಸಿ ನೋಡಬಲ್ಲವರೂ ಷೇರುಪೇಟೆಯ ಕಂಪನಿಯ ದಪ್ಪ ವರದಿ ಕೈಗೆ ಬಂದರೆ ಅಧ್ಯಕ್ಷರ ಫೋಟೊ ನೋಡಿ ಮಡಚಿಡುತ್ತಾರೆ. ನಮ್ಮ ಜಿಲ್ಲೆಯದೇ ಒಂದು ಕಾರ್ಖಾನೆ ಅಂಥದೊಂದು ವರದಿಯ ಹಿಂದಿನ ಪುಟಗಳಲ್ಲಿದೆ. ಅದು ಅಲ್ಲಿಗೆ ಹೇಗೆ ಬಂತು ಎಂದು ನೋಡಿದರೆ ಓದುವ ದಾರಿಯೂ ತಿಳಿಯುತ್ತದೆ.

ಮಲೆನಾಡಿನ ಕಾಡಿನ ಇದ್ದಿಲು ಉರಿಸಿ ಭದ್ರಾವತಿಯಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದ್ದು 1923ರಲ್ಲಿ. ಮೈಸೂರು ಸಂಸ್ಥಾನದ ಆ ಕಾರ್ಖಾನೆ ಮುಂದೆ ವಿಐಎಸ್‌ಎಲ್ ಆಯಿತು. 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರ, ಅಂದರೆ ಸೇಲ್, ಅದನ್ನು ಅಂಗಸಂಸ್ಥೆ ಮಾಡಿಕೊಂಡಿತು. 1998ರಲ್ಲಿ ಪೂರ್ತಿ ವಿಲೀನ. ಅಲ್ಲಿಗೆ ಭದ್ರಾವತಿಯದೇ ಆದ ಲೆಕ್ಕಪತ್ರ ಮುಗಿಯಿತು. ಭಿಲಾಯಿ, ಬೊಕಾರೊ, ರೂರ್ಕೆಲಗಳಂಥ ದೈತ್ಯರ ಮೊತ್ತದಲ್ಲಿ ನಮ್ಮದು ಕರಗಿಹೋಗಬೇಕಿತ್ತು.

ಹಾಗಾಗದಂತೆ ತಡೆದದ್ದು ಲೆಕ್ಕಪರಿಶೋಧಕರ ಒಂದು ನಿಯಮ. ಹಲವು ವ್ಯವಹಾರ ಇರುವ ಕಂಪನಿ ಎಲ್ಲವನ್ನೂ ಒಂದೇ ಮೊತ್ತದಲ್ಲಿ ತೋರಿಸಿದರೆ ಯಾವುದು ದುಡಿಯುತ್ತಿದೆ, ಯಾವುದು ತಿನ್ನುತ್ತಿದೆ ಎಂದು ಹೂಡಿಕೆದಾರರಿಗೆ ಗೊತ್ತಾಗದು. ಅಮೆರಿಕದಲ್ಲಿ 1976ರಲ್ಲೇ ಇದಕ್ಕೊಂದು ಮಾನದಂಡ ಬಂತು. ನಮ್ಮಲ್ಲಿ ‘ಎಎಸ್ 17’ ಎಂಬ ಮಾನದಂಡ 2001ರ ಏಪ್ರಿಲ್‌ನಿಂದ ಷೇರುಪೇಟೆಯ ಕಂಪನಿಗಳಿಗೆ ಕಡ್ಡಾಯವಾಯಿತು. ಈಗ ಅದರ ಜಾಗದಲ್ಲಿ ‘ಇಂಡ್ ಎಎಸ್ 108’ ಇದೆ. ಕಂಪನಿಯ ಮುಖ್ಯಸ್ಥರು ವ್ಯವಹಾರವನ್ನು ಹೇಗೆ ಭಾಗ ಮಾಡಿ ನೋಡುತ್ತಾರೋ ಹಾಗೆಯೇ ಹೊರಗಿನವರಿಗೂ ತೋರಿಸಬೇಕು ಎಂಬುದು ಇದರ ತಿರುಳು.

ಸೇಲ್ ತನ್ನನ್ನು ಸರಕಿನ ಪ್ರಕಾರ ಭಾಗ ಮಾಡಿಕೊಂಡಿಲ್ಲ, ಸ್ಥಾವರದ ಪ್ರಕಾರ ಮಾಡಿಕೊಂಡಿದೆ. ಐದು ಸಮಗ್ರ ಉಕ್ಕು ಸ್ಥಾವರ, ಮೂರು ಮಿಶ್ರಲೋಹದ ಸ್ಥಾವರ. ಆ ಮೂರರಲ್ಲಿ ಸೇಲಂ ಮತ್ತು ದುರ್ಗಾಪುರದ ಜತೆಗೆ ಭದ್ರಾವತಿಯೂ ಒಂದು.

ಇಲ್ಲೊಂದು ಸ್ವಾರಸ್ಯವಿದೆ. ಒಟ್ಟು ಆದಾಯ, ಲಾಭ-ನಷ್ಟ ಅಥವಾ ಆಸ್ತಿ, ಈ ಮೂರರಲ್ಲಿ ಒಂದರಲ್ಲಾದರೂ ಶೇ 10 ಮುಟ್ಟುವ ವಿಭಾಗವನ್ನು ಪ್ರತ್ಯೇಕ ತೋರಿಸಲೇಬೇಕು. ಸೇಲ್‌ನ ವಾರ್ಷಿಕ ವಹಿವಾಟು ಸುಮಾರು 1 ಲಕ್ಷ ಕೋಟಿ ರೂಪಾಯಿ. ಶೇ 10 ಎಂದರೆ 10,000 ಕೋಟಿ. ಭದ್ರಾವತಿಯ ಮಾರಾಟ ಅದರ ಹತ್ತಿರಕ್ಕೂ ಸುಳಿಯದು, ಆದರೂ ಅದಕ್ಕೊಂದು ಕಾಲಂ ಇದೆ. ಓದುವವರಿಗೆ ಉಪಯೋಗ ಎಂದು ಆಡಳಿತ ವರ್ಗಕ್ಕೆ ಅನ್ನಿಸಿದರೆ ಸಣ್ಣ ವಿಭಾಗವನ್ನೂ ತೋರಿಸಬಹುದು ಎಂದು ನಿಯಮವೇ ಹೇಳುತ್ತದೆ. ಬೇಡ ಎನ್ನಿಸಿದರೆ ‘ಇತರೆ’ ಎಂಬ ಕಾಲಂಗೆ ಸೇರಿಸುವುದಕ್ಕೂ ಅಡ್ಡಿಯಿಲ್ಲ.

ಈ ವಿಭಾಗಗಳ ಕೋಷ್ಟಕ ತೆರೆದವರು ಮೊದಲು ಎಡವುವುದು ಕೂಡುವಲ್ಲಿ. ಎಲ್ಲ ಸ್ಥಾವರಗಳ ಆದಾಯ ಕೂಡಿದರೆ ಕಂಪನಿಯ ಆದಾಯಕ್ಕಿಂತ ಹೆಚ್ಚು ಬರುತ್ತದೆ. ಒಂದು ಸ್ಥಾವರ ಹೊರಗೆ 80 ರೂಪಾಯಿಯ ಉಕ್ಕು ಮಾರಿ, 20 ರೂಪಾಯಿಯದನ್ನು ಸೋದರ ಸ್ಥಾವರಕ್ಕೆ ಕಳಿಸಿತೆನ್ನಿ. ಸೋದರ ಸ್ಥಾವರ ಅದನ್ನು ಹದಮಾಡಿ ಹೊರಗೆ 50ಕ್ಕೆ ಮಾರಿತು. ಕೂಡಿದರೆ 150, ನಿಜಕ್ಕೂ ಗ್ರಾಹಕರಿಂದ ಬಂದದ್ದು 130. ಒಳಗೊಳಗೇ ಕೈಬದಲಾದ 20 ರೂಪಾಯಿಯನ್ನು ‘ಅಂತರ್‌ವಿಭಾಗೀಯ’ ಎಂಬ ಸಾಲಿನಲ್ಲಿ ಕಳೆದಿರುತ್ತಾರೆ. ಹಾಗಾಗಿ ಒಂದು ಸ್ಥಾವರದ ಮಾರುಕಟ್ಟೆ ಬಲ ಅಳೆಯಲು ಅದರ ಹೊರಗಿನ ಮಾರಾಟದ ಸಾಲನ್ನೇ ಹಿಡಿಯಬೇಕು.

ಆದರೆ ಹಳಿ ಎಷ್ಟು, ತಗಡು ಎಷ್ಟು ಎಂದು ಈ ಕಾಲಂಗಳು ಹೇಳುವುದಿಲ್ಲ. ಅದಕ್ಕೆ ವರದಿಯ ಮುಂಭಾಗದ ಪುಟಗಳಿಗೆ, ಆಡಳಿತ ವರ್ಗದ ಅವಲೋಕನಕ್ಕೆ ಬರಬೇಕು. ಸುಸ್ಥಿರತೆಯ ವರದಿಯಲ್ಲೂ ವಹಿವಾಟಿನ ಶೇ 90ರಷ್ಟನ್ನು ತರುವ ಸರಕುಗಳ ಪಟ್ಟಿ ಕೊಡಬೇಕೆಂದು ಸೆಬಿ ಕೇಳುತ್ತದೆ. ಹಲವು ವ್ಯವಹಾರದ ಕಂಪನಿಯಲ್ಲಿ ಇದು ಚಿನ್ನದಂಥ ಪುಟ. ಟೈಟನ್ ಎಂದರೆ ನಮಗೆ ಕೈಗಡಿಯಾರ. ಅದರ ಆದಾಯದ ಬಹುಪಾಲು ಆಭರಣದಿಂದ ಎಂಬುದು ಅಲ್ಲಿ ತಟ್ಟನೆ ಕಾಣುತ್ತದೆ. ಉಕ್ಕೊಂದನ್ನೇ ಮಾರುವ ಕಂಪನಿಯಲ್ಲಿ ಅದೇ ಪಟ್ಟಿ ‘ಉಕ್ಕು’ ಎಂಬ ಒಂದೇ ಸಾಲಿಗೆ ಮುಗಿದುಬಿಡಬಹುದು.

2023ರ ಜನವರಿಯಲ್ಲಿ ಭದ್ರಾವತಿಯ ಕಾರ್ಖಾನೆ ಮುಚ್ಚುವ ತೀರ್ಮಾನವಾಯಿತು. ಪ್ರತಿಭಟನೆಗಳಾದವು, ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಪುನಶ್ಚೇತನದ ಭರವಸೆಗಳು ಅಂದಿನಿಂದ ಆಗಾಗ ಕೇಳುತ್ತಿವೆ. ಭಾಷಣಕ್ಕಿಂತ ನಾನು ನಂಬುವುದು ಆ ಕಾಲಂನ ಮೂರು ಸಾಲುಗಳನ್ನು: ಹೊರಗಿನ ಮಾರಾಟ, ವಿಭಾಗದ ಲಾಭ-ನಷ್ಟ, ಮತ್ತು ಕೊಟ್ಟಿದ್ದರೆ ಆ ವರ್ಷ ಹಾಕಿದ ಬಂಡವಾಳ ವೆಚ್ಚ. ಮಾರಾಟ ಏರಿಯೂ ಮೂರನೆಯ ಸಾಲು ಸೊನ್ನೆಯ ಅಕ್ಕಪಕ್ಕದಲ್ಲೇ ಉಳಿದಿದ್ದರೆ, ಹಳೆಯ ಯಂತ್ರವನ್ನೇ ತಿರುಗಿಸುತ್ತಿದ್ದಾರೆ, ಹೊಸದು ಬಂದಿಲ್ಲ ಎಂದರ್ಥ.