ಎದೆ ಹೊಡ್ಕೊಳ್ಳಲಿ, ನೀನು ಮಾತಾಡು

ಇಂಟರ್‌ವ್ಯೂ ದಿನ ಬೆಳಗ್ಗೆ ಕನ್ನಡಿ ಮುಂದೆ ನಿಂತು "ನಾನೇ ಬೆಸ್ಟ್, ಈ ಕೆಲಸ ನನ್ನದೇ" ಎಂದು ಹೇಳಿಕೊಳ್ಳಿ ಅಂತ ಸಲಹೆ ಕೊಡುವವರಿಗೆ ಬರವಿಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಆ ಮಾತು ಬಾಯಿಗೇ ಬರುವುದಿಲ್ಲ. ಜಂಬ ಕೊಚ್ಚಿಕೊಂಡಂತೆ ಅನ್ನಿಸುತ್ತದೆ. ಹೇಗೋ ಹೇಳಿದರೂ ಒಳಗಿನಿಂದ "ಹೌದಾ? ಯಾರು ಹೇಳಿದ್ದು?" ಎಂಬ ಮರುಪ್ರಶ್ನೆ ತಕ್ಷಣ ಬರುತ್ತದೆ.

ಆ ಮರುಪ್ರಶ್ನೆಯೇ ತೊಂದರೆಯ ಮೂಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾನು ಪ್ರೀತಿಗೆ ಅರ್ಹ ವ್ಯಕ್ತಿ ಎಂದು ಮತ್ತೆ ಮತ್ತೆ ಹೇಳಿಕೊಳ್ಳಲು ಕೆಲವರಿಗೆ ತಿಳಿಸಿದ್ದರು. ಮೊದಲೇ ತಮ್ಮ ಮೇಲೆ ನಂಬಿಕೆ ಇದ್ದವರಿಗೆ ಅದರಿಂದ ಅಷ್ಟಿಷ್ಟು ಲಾಭವಾಯಿತು. ನಂಬಿಕೆ ಕಡಿಮೆ ಇದ್ದವರಲ್ಲಿ ಮಾತ್ರ, ಹಾಗೆ ಹೇಳಿಕೊಂಡವರ ಮನಸ್ಸು ಹೇಳಿಕೊಳ್ಳದವರಿಗಿಂತ ಕುಗ್ಗಿತ್ತು. ಧೈರ್ಯ ಯಾರಿಗೆ ಬೇಕಾಗಿತ್ತೋ ಅವರಿಗೇ ಪೆಟ್ಟು. ಹಾಗಾಗಿ ಆ ದಿನ ಹೇಳಿಕೊಳ್ಳುವ ಸಾಲಿಗೆ ನಾನು ಇಡುವ ಪರೀಕ್ಷೆ ಒಂದೇ: ಕೈ ನಡುಗುತ್ತಿರುವಾಗಲೂ ಅದನ್ನು ನೀವು ನಂಬಬಲ್ಲಿರಾ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತುಮಕೂರಿನ ಹುಡುಗಿ, ಬಿ.ಕಾಂ. ಆಗಿದೆ, ಊರಿನ ಆಡಿಟರ್ ಆಫೀಸಿನಲ್ಲಿ ಒಂದು ವರ್ಷ ಕೆಲಸ ಮಾಡಿದ್ದಾಳೆ. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಹತ್ತೂವರೆಗೆ ಕರೆದಿದ್ದಾರೆ. ಹಿಂದಿನ ರಾತ್ರಿ ಚೀಟಿಯಲ್ಲಿ "ನಾನು ತುಂಬಾ ಬುದ್ಧಿವಂತೆ" ಎಂದು ಬರೆದುಕೊಂಡರೆ, ಬಸ್ಸು ನೆಲಮಂಗಲ ದಾಟುವಷ್ಟರಲ್ಲಿ ಸಿ.ಎ. ಮಾಡುತ್ತಿರುವ ಕ್ಲಾಸ್‌ಮೇಟ್ ನೆನಪಾಗುತ್ತಾಳೆ. ಸಾಲು ಅಲ್ಲೇ ಸತ್ತಿತು. ಬದಲಿಗೆ ಅವಳು ಹೀಗೆ ಬರೆಯಬಹುದು: "ಒಂದು ವರ್ಷ ಪ್ರತಿ ತಿಂಗಳೂ 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 ಹಾಕಿದ್ದೀನಿ. ಆ ಕೆಲಸ ನಂಗೆ ಗೊತ್ತು."

ಇದಕ್ಕೆ ಒಳಗಿನ ದನಿ ಏನೂ ಮರುಪ್ರಶ್ನೆ ಹಾಕಲಾರದು, ಏಕೆಂದರೆ ಅದು ನಡೆದ ಸಂಗತಿ. ಯಾರಿಗಿಂತಲೂ ಮೇಲು ಎಂದು ಅದು ಹೇಳುತ್ತಿಲ್ಲ. ಜೊತೆಗೆ ಇನ್ನೊಂದು ಉಪಯೋಗವಿದೆ. ಒಳಗೆ ಕೂತ ಮೇಲೆ "ನಿಮ್ಮ ಬಗ್ಗೆ ಹೇಳಿ" ಅಂದರೆ ಇದೇ ಸಾಲು ಸ್ವಲ್ಪ ಉದ್ದವಾಗಿ ಉತ್ತರವಾಗುತ್ತದೆ: ಮಾರಾಟದ ಬಿಲ್‌ಗಳನ್ನು ಟ್ಯಾಲಿಯಲ್ಲಿ ಹೇಗೆ ಹಾಕುತ್ತಿದ್ದಳು, ಗಿರಾಕಿಗಳು ಬಿಲ್ ತಡವಾಗಿ ಕೊಟ್ಟಾಗ ಏನು ಮಾಡುತ್ತಿದ್ದಳು ಎಂದು. "ನಾನೇ ಬೆಸ್ಟ್" ಎನ್ನುವುದನ್ನು ಆ ಕೋಣೆಯಲ್ಲಿ ಬಾಯಿಬಿಟ್ಟು ಹೇಳಲಾಗುವುದಿಲ್ಲ. ಹೇಳಿದರೆ ಎದುರಿನವರು ಮುಖ ಮುಖ ನೋಡಿಕೊಂಡಾರು.

ಒಂದು ವರ್ಷದ ಅನುಭವವೂ ಇಲ್ಲದ ಹೊಸಬರು ಏನು ಮಾಡಬೇಕು? ಕಾಲೇಜಿನ ಪ್ರಾಜೆಕ್ಟ್, ಮನೆಯ ಅಂಗಡಿಯ ಲೆಕ್ಕ, ಮನೆಪಾಠ ಹೇಳಿದ್ದು, ಯಾವುದಾದರೂ ಆಗುತ್ತದೆ. ಮಾಡಿದ್ದು ಮಾತ್ರ ನಿಜವಾಗಿರಬೇಕು, ಆದಷ್ಟು ನಿರ್ದಿಷ್ಟವಾಗಿರಬೇಕು. "ಚೆನ್ನಾಗಿ ಪಾಠ ಮಾಡ್ತೀನಿ" ಎನ್ನುವುದಕ್ಕಿಂತ "ಪಕ್ಕದ ಮನೆ ಹುಡುಗನಿಗೆ ಭಿನ್ನರಾಶಿ ಅರ್ಥ ಮಾಡಿಸಿದ್ದೆ" ಎನ್ನುವುದು ಗಟ್ಟಿ.

ಇನ್ನು ಮೈಯ ವಿಚಾರ. ಎದೆ ಡವಡವ, ಅಂಗೈ ಬೆವರು, ಬಾಯಿ ಒಣಗುವುದು. ಇಲ್ಲಿ ನಾವೆಲ್ಲ ಹೇಳಿಕೊಳ್ಳುವ ಮಾತು "ಗಾಬರಿ ಆಗಬೇಡ". ಇದು ಹೆಚ್ಚಾಗಿ ಕೆಲಸಕ್ಕೆ ಬಾರದ ಮಾತು. ಗಾಬರಿ ಆಗಿಲ್ಲ ತಾನೇ ಎಂದು ಮನಸ್ಸು ಮತ್ತೆ ಮತ್ತೆ ತಿರುಗಿ ನೋಡುತ್ತದೆ, ನೋಡಿದಾಗಲೆಲ್ಲ ಗಾಬರಿಯೇ ಕಾಣುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಬೇರೆ ದಾರಿ ತೋರಿಸಿದರು. ಎಲ್ಲರೆದುರು ಹಾಡಬೇಕಾದವರಿಗೆ, ಭಾಷಣ ಮಾಡಬೇಕಾದವರಿಗೆ, ಶುರುವಿಗೆ ಮೊದಲು ತಮಗೆ ಹುರುಪು ಬಂದಿದೆ ಎಂದು ಹೇಳಿಕೊಳ್ಳಲು ತಿಳಿಸಿದರು. ತಾನು ಶಾಂತವಾಗಿದ್ದೇನೆ ಎಂದು ಹೇಳಿಕೊಂಡವರಿಗಿಂತ ಇವರ ಭಾಷಣ ಕೇಳುಗರಿಗೆ ಚೆನ್ನಾಗಿ ಕಂಡಿತು. ಆದರೆ ಎದೆಬಡಿತ ಇಳಿಯಲಿಲ್ಲ. ಅದು ಮೊದಲಿನ ವೇಗದಲ್ಲೇ ಇತ್ತು, ಬದಲಾದದ್ದು ಅದನ್ನು ಅವರು ಓದಿಕೊಂಡ ರೀತಿ.

ತುಮಕೂರಿನ ಹುಡುಗಿಯ ಚೀಟಿಯ ಎರಡನೇ ಸಾಲು ಹಾಗಾಗಿ ಹೀಗಿರಬಹುದು: "ಎದೆ ಹೊಡ್ಕೊಳ್ತಿದೆ, ಹೊಡ್ಕೊಳ್ಳಲಿ. ಮೈ ಕೆಲಸಕ್ಕೆ ರೆಡಿ ಆಗ್ತಿದೆ." ಇದನ್ನು ಹೇಳಿಕೊಂಡ ಮೇಲೂ ನಡುಕ ನಿಲ್ಲದಿದ್ದರೆ ಸಾಲು ಸೋತಿತು ಅಂದುಕೊಳ್ಳಬೇಕಾಗಿಲ್ಲ. ನಡುಕದ ಜೊತೆಗೇ ಮಾತಾಡಲು ಆಯಿತೇ ಎನ್ನುವುದನ್ನಷ್ಟೇ ನೋಡಬೇಕು.

ಸಾಲಿನಲ್ಲಿ "ನಾನು" ಇರಬೇಕೋ "ನೀನು" ಇರಬೇಕೋ ಎನ್ನುವುದೂ ಸಣ್ಣ ವಿಷಯವಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒತ್ತಡದ ಭಾಷಣಕ್ಕೆ ಮೊದಲು ಕೆಲವರು "ನಾನು" ಎಂದು ಯೋಚಿಸಿದರು, ಉಳಿದವರು ತಮ್ಮದೇ ಹೆಸರು ಹಿಡಿದು, "ನೀನು" ಎಂದು ಯೋಚಿಸಿದರು. ಎರಡನೆಯವರು ಹೆಚ್ಚು ಚೆನ್ನಾಗಿ ಮಾತಾಡಿದರು, ಆಮೇಲೆ ಅದನ್ನೇ ನೆನೆದು ಕೊರಗಿದ್ದೂ ಕಡಿಮೆ. ನಮ್ಮಲ್ಲಿ ಇದು ಹೊಸತೇನಲ್ಲ. ಕಷ್ಟದ ಹೊತ್ತಲ್ಲಿ "ಏನಾಗಲ್ಲ, ನಡಿ" ಎಂದು ನಮಗೆ ನಾವೇ ಹೇಳಿಕೊಳ್ಳುವುದು ಇದ್ದೇ ಇದೆ. ಎಣಿಸಿಡಬೇಕಾದ ಸಂಗತಿಯನ್ನು "ನಾನು" ಎಂದು ಬರೆದು, ಮಾಡಬೇಕಾದ ಕೆಲಸವನ್ನು "ನೀನು" ಎಂದು ಹೇಳಿಕೊಂಡರೆ ಸಲೀಸು. ಉದಾಹರಣೆಗೆ: "ಪ್ರಶ್ನೆ ಪೂರ್ತಿ ಕೇಳು. ಒಂದು ಉಸಿರು ತಗೋ. ಆಮೇಲೆ ಹೇಳು."

ಹೆಚ್ಚಿನವರು ನಿಜವಾಗಿ ಹೆದರುವುದು ಗೊತ್ತಿಲ್ಲದ ಪ್ರಶ್ನೆಗೆ. ಅದಕ್ಕೂ ಒಂದು ಸಾಲನ್ನು ಮೊದಲೇ ಕಟ್ಟಿಟ್ಟುಕೊಳ್ಳಬೇಕು. ನಮ್ಮ ಹುಡುಗಿಗೆ ಟಿಡಿಎಸ್ ಗೊತ್ತು, ಆದರೆ ರಿಟರ್ನ್ ಅನ್ನು ತಾನೇ ಹಾಕಿಲ್ಲ. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಬಹುದು, ಗೊತ್ತಿರೋವಷ್ಟು ಹೇಳು" ಎಂದು ಚೀಟಿಯಲ್ಲಿದ್ದರೆ, ಪ್ರಶ್ನೆ ಬಂದಾಗ ತೊದಲುವ ಬದಲು "ಸರ್, ಟಿಡಿಎಸ್ ಲೆಕ್ಕ ಹಾಕಿದ್ದೀನಿ, ರಿಟರ್ನ್ ನಮ್ಮ ಆಡಿಟರೇ ಹಾಕ್ತಿದ್ರು" ಎನ್ನುತ್ತಾಳೆ. ಅನುಭವಿ ಅಕೌಂಟೆಂಟ್‌ಗೆ ಈ ಉತ್ತರದಿಂದ ಅವಳು ಎಲ್ಲಿಯವರೆಗೆ ಬಂದಿದ್ದಾಳೆ ಎನ್ನುವುದು ಒಂದೇ ಮಾತಿಗೆ ತಿಳಿಯುತ್ತದೆ.

ನಾಲ್ಕು ಸಾಲು ಸಾಕು. ಒಂದೊಂದೂ ಒಂದೇ ಉಸಿರಿಗೆ ಹೇಳುವಷ್ಟಿರಲಿ, ಮನೆಯಲ್ಲಿ ಆಡುವ ಮಾತಿನಲ್ಲೇ ಇರಲಿ. ಹಾಸನದವರಿಗೆ ಹಾಸನದ್ದು, ಧಾರವಾಡದವರಿಗೆ ಧಾರವಾಡದ್ದು. ಗ್ರಾಂಥಿಕವಾಗಿ ಬರೆದರೆ ಪಾಠ ಒಪ್ಪಿಸಿದಂತಾಗುತ್ತದೆ. ಬಸ್ಸಿನಲ್ಲಿ ಒಮ್ಮೆ, ಗೇಟಿನ ಹತ್ತಿರ ಒಮ್ಮೆ ಓದಿಕೊಂಡು ಚೀಟಿಯನ್ನು ಬ್ಯಾಗಿಗೆ ಹಾಕಿಬಿಡಬೇಕು. ಐವತ್ತು ಸಲ ಜಪಿಸುವವರಿದ್ದಾರೆ. ಅವರಿಗೆ ಕೊನೆಗೆ ಸಾಲು ಮರೆತೀತೆಂಬ ಹೊಸ ಚಿಂತೆ ಅಂಟಿಕೊಳ್ಳುತ್ತದೆ. ಇಂಟರ್‌ವ್ಯೂ ಅಂದರೆ ವಾರಗಟ್ಟಲೆ ನಿದ್ದೆ ಬಾರದೆ, ಬಾಗಿಲವರೆಗೆ ಹೋಗಿ ವಾಪಸ್ ಬರುವಷ್ಟು ಭಯವಿರುವವರಿಗೆ ಈ ಚೀಟಿ ಸಾಲದು. ಅಂಥವರು ವೈದ್ಯರನ್ನು ಕಾಣುವುದು ಒಳ್ಳೆಯದು, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಇಷ್ಟೆಲ್ಲ ಮಾಡಿದ್ದನ್ನು ಒಂದೇ ಏಟಿಗೆ ಕೆಡಿಸುವುದು ಸಾಮಾನ್ಯವಾಗಿ ಮನೆಯಿಂದ ಬರುವ ಫೋನು. "ಇದು ಸಿಗಲೇಬೇಕು ಕಣಮ್ಮ", "ನಿನ್ ಮೇಲೇ ಎಲ್ಲಾ ನಿಂತಿರೋದು", "ನಿಂಗೆ ಸಿಗದೆ ಇನ್ಯಾರಿಗೆ ಸಿಗುತ್ತೆ". ಹೇಳುವವರದು ಪ್ರೀತಿಯೇ. ಕೇಳುವವರ ಹೆಗಲಿಗೆ ಮಾತ್ರ ಅರ್ಧ ಗಂಟೆಯ ಮಾತುಕತೆ ಮನೆಯ ಭವಿಷ್ಯವಾಗಿ ಬಂದು ಕೂರುತ್ತದೆ. ಮನೆಯವರು ಏನಾದರೂ ಹೇಳಲೇಬೇಕೆಂದರೆ ತಿಂಡಿಯ ಬಗ್ಗೆ, ಬಸ್ಸಿನ ಬಗ್ಗೆ ಕೇಳಲಿ: "ತಿಂಡಿ ತಿಂದ್ಯಾ? ಸರ್ಟಿಫಿಕೇಟ್ ಫೈಲ್ ಇಟ್ಕೊಂಡ್ಯಾ? ಸರಿ, ಹೋಗ್ಬಿಟ್ಟು ಬಾ."