ಕಾಂಕ್ರೀಟಿನೊಳಗಿನ ಕಂಬಿ ಯಾವ ವಲಯದಲ್ಲಿದೆ?

ಕಟ್ಟಡದ ಕೆಲಸ ನಡೆಯುವಲ್ಲಿ ಮಳೆಗೆ ನೆನೆದ ಕಂಬಿ ಕೆಲವೇ ದಿನಗಳಲ್ಲಿ ಕೆಂಪಗಾಗುತ್ತದೆ. ಅದೇ ಕಂಬಿ ಕಾಂಕ್ರೀಟಿನೊಳಗೆ ಸೇರಿಬಿಟ್ಟರೆ ದಶಕಗಟ್ಟಲೆ ಹಾಗೆಯೇ ಉಳಿಯುತ್ತದೆ. ಕಾಂಕ್ರೀಟು ನೀರನ್ನೂ ಗಾಳಿಯನ್ನೂ ಪೂರ್ತಿ ತಡೆಯುವುದರಿಂದ ಹೀಗಾಗುತ್ತದೆ ಎಂದುಕೊಂಡರೆ ತಪ್ಪು. ಅದರ ತುಂಬ ಸೂಕ್ಷ್ಮ ರಂಧ್ರಗಳಿವೆ, ಆ ರಂಧ್ರಗಳಲ್ಲಿ ನೀರಿದೆ, ಆಮ್ಲಜನಕವೂ ಮೆಲ್ಲಗೆ ಒಳಗಿಳಿಯುತ್ತದೆ. ಕಂಬಿಯನ್ನು ಕಾಯುವುದು ಬೇರೆಯೇ ಸಂಗತಿ. ಅದನ್ನು ಒಂದೇ ಹಾಳೆಯ ಮೇಲೆ ಓದುವಂತೆ ಮಾಡಿದವರು ಬೆಲ್ಜಿಯಂನ ವಿಜ್ಞಾನಿ ಮಾರ್ಸೆಲ್ ಪೂರ್ಬೆ.

ಪೂರ್ಬೆ ಹುಟ್ಟಿದ್ದು 1904ರಲ್ಲಿ. 1945ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಅವರು ಲೋಹ ಮತ್ತು ನೀರಿನ ಸಂಬಂಧವನ್ನು ಎರಡು ಅಳತೆಗಳ ಮೇಲೆ ನಿಲ್ಲಿಸಿದರು. ನಕ್ಷೆಯ ಅಡ್ಡ ಗೆರೆಯ ಮೇಲೆ ನೀರಿನ ಪಿಎಚ್ ಇರುತ್ತದೆ: ಎಡಕ್ಕೆ ಹೋದಷ್ಟೂ ಆಮ್ಲ, ಬಲಕ್ಕೆ ಹೋದಷ್ಟೂ ಕ್ಷಾರ. ಲಂಬ ಗೆರೆಯ ಮೇಲೆ ಲೋಹದ ವಿದ್ಯುತ್ ವಿಭವವಿರುತ್ತದೆ. ಇದನ್ನು ಹೈಡ್ರೋಜನ್ ಎಲೆಕ್ಟ್ರೋಡನ್ನು ಸೊನ್ನೆಯೆಂದಿಟ್ಟುಕೊಂಡು ವೋಲ್ಟ್‌ಗಳಲ್ಲಿ ಅಳೆಯುತ್ತಾರೆ. ವಿಭವ ಏರಿದಷ್ಟೂ ಸುತ್ತಲಿನ ಪರಿಸರ ಕಬ್ಬಿಣದಿಂದ ಎಲೆಕ್ಟ್ರಾನುಗಳನ್ನು ಬಲವಾಗಿ ಕೀಳುತ್ತಿದೆ ಎಂದರ್ಥ. ಇಳಿದಷ್ಟೂ ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ಉಳಿಸಿಕೊಂಡಿದೆ.

ಈ ಎರಡು ಅಳತೆ ಗೊತ್ತಿದ್ದರೆ ಕಬ್ಬಿಣದ ಸ್ಥಿತಿ ನಕ್ಷೆಯ ಮೇಲೆ ಒಂದು ಚುಕ್ಕೆಯಾಗುತ್ತದೆ. ಚುಕ್ಕೆ ಕೆಳಗಿನ ಪಟ್ಟಿಯಲ್ಲಿ ಬಿದ್ದರೆ ಲೋಹರೂಪವೇ ಸ್ಥಿರ. ಅಲ್ಲಿ ಕಬ್ಬಿಣಕ್ಕೆ ಕರಗುವ ಪ್ರವೃತ್ತಿಯೇ ಇಲ್ಲ, ಹಾಗಾಗಿ ಅದು ನಿರ್ಬಾಧ ವಲಯ. ಎಡಭಾಗದ ದೊಡ್ಡ ಪ್ರದೇಶದಲ್ಲಿ ಕಬ್ಬಿಣ ಅಯಾನುಗಳಾಗಿ ನೀರಿಗೆ ಇಳಿಯುತ್ತದೆ; ಅದು ಸವೆತದ ವಲಯ. ಮೇಲೆ, ಬಲಕ್ಕೆ ಹರಡಿಕೊಂಡಿರುವುದು ನಿಷ್ಕ್ರಿಯ ವಲಯ. ಅಲ್ಲಿ ಕಬ್ಬಿಣ ಆಮ್ಲಜನಕದೊಂದಿಗೆ ಕೂಡುತ್ತದೆ ನಿಜ, ಆದರೆ ಹಾಗೆ ಹುಟ್ಟಿದ ಆಕ್ಸೈಡು ಕರಗದೆ ಮೇಲ್ಮೈಗೆ ತೆಳುವಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಮುಚ್ಚುತ್ತದೆ. ಬಲತುದಿಯಲ್ಲಿ, ತೀರಾ ಪ್ರಬಲ ಕ್ಷಾರದಲ್ಲಿ, ಸವೆತದ ಇನ್ನೊಂದು ಸಣ್ಣ ತ್ರಿಕೋನವೂ ಇದೆ.

ಗಡಿಗಳನ್ನು ಎಲ್ಲಿ ಎಳೆಯಬೇಕು ಎನ್ನುವುದು ಒಂದು ಒಪ್ಪಂದ. ಲೀಟರ್ ನೀರಿನಲ್ಲಿ ಒಂದು ಮೋಲ್‌ನ ಹತ್ತು ಲಕ್ಷದ ಒಂದು ಪಾಲಿಗಿಂತ, ಅಂದರೆ ಸುಮಾರು 0.056 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ ಕರಗಬಲ್ಲದಾದರೆ ಅದನ್ನು ಸವೆತ ಎಂದು ಕರೆಯೋಣ ಎಂಬುದು ರೂಢಿ. ಈ ಲೆಕ್ಕದಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸವೆತದ ವಲಯದ ಕೆಳಗಡಿ –0.62 ವೋಲ್ಟ್‌ನಲ್ಲಿ ಬರುತ್ತದೆ. ಪಿಎಚ್ 7ರ ನೀರಿನಲ್ಲಿ ಅದರ ಮೇಲ್ಗಡಿ ಸುಮಾರು –0.16 ವೋಲ್ಟ್. ಸಾಧಾರಣ ನಲ್ಲಿನೀರಿನಲ್ಲಿ ತುಕ್ಕು ಹಿಡಿಯುತ್ತಿರುವ ಮೊಳೆಯ ವಿಭವ –0.4 ವೋಲ್ಟ್‌ನ ಆಸುಪಾಸು ಇರುತ್ತದೆ. ಎರಡು ಗಡಿಗಳ ನಡುವೆ, ಅಪಾಯದ ಮಧ್ಯದಲ್ಲೇ ಅದು ನಿಂತಿದೆ.

ಅಲ್ಲಿಂದ ಹೊರಬರಲು ದಾರಿ ಮೂರು. ವಿಭವವನ್ನು ಕೆಳಗೆ ತಳ್ಳಬಹುದು. ಕಬ್ಬಿಣಕ್ಕೆ ಸತುವನ್ನು ಜೋಡಿಸಿದಾಗ ಆಗುವುದು ಇದೇ. ಪಿಎಚ್ ಏರಿಸಿ ಬಲಕ್ಕೆ ಸರಿಸಬಹುದು. ಮೂರನೆಯದು, ವಿಭವವನ್ನು ಮೇಲಕ್ಕೆತ್ತಿ ನಿಷ್ಕ್ರಿಯ ವಲಯಕ್ಕೆ ದಾಟಿಸುವುದು. ಇದು ಕೊಂಚ ವಿಚಿತ್ರವಾಗಿ ಕಾಣುತ್ತದೆ, ಏಕೆಂದರೆ ಇಲ್ಲಿ ತುಕ್ಕು ತಡೆಯಲು ಬಳಸುವುದು ಆಕ್ಸಿಡೀಕರಣ ಮಾಡುವ ವಸ್ತುವನ್ನೇ. ಪೂರ್ಬೆ ಇದನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿದ ನೀರಿನಲ್ಲಿ ತೋರಿಸಿದರು. ಲೀಟರಿಗೆ 0.2 ಗ್ರಾಂ ಹಾಕಿದಾಗ ಕಬ್ಬಿಣ ಸವೆಯುತ್ತಲೇ ಇತ್ತು, 1 ಗ್ರಾಂ ಹಾಕಿದಾಗ ನಿಂತಿತು. ಈ ದಾರಿಯಲ್ಲಿ ಅರ್ಧಕ್ಕೆ ನಿಲ್ಲುವುದು ಅಪಾಯ. ಪ್ರಮಾಣ ಸಾಲದೆ ಹೋದರೆ ಮೇಲ್ಮೈಯ ಬಹುಭಾಗ ಮುಚ್ಚಿಕೊಂಡು, ಉಳಿದ ಕೆಲವು ಜಾಗಗಳಲ್ಲಷ್ಟೇ ಸವೆತ ಒಟ್ಟುಗೂಡಿ ಆಳವಾದ ಕುಳಿಗಳು ಬೀಳುತ್ತವೆ.

ಕಾಂಕ್ರೀಟು ಹಿಡಿಯುವುದು ಎರಡನೆಯ ದಾರಿಯನ್ನು. ಸಿಮೆಂಟು ಗಟ್ಟಿಯಾಗುವಾಗ ಹುಟ್ಟುವ ಕ್ಯಾಲ್ಸಿಯಂ ಹೈಡ್ರಾಕ್ಸೈಡು ಮತ್ತು ಇತರ ಕ್ಷಾರಗಳಿಂದ ರಂಧ್ರದ ನೀರಿನ ಪಿಎಚ್ 12.5ಕ್ಕೂ ಮೇಲಿರುತ್ತದೆ. ನಕ್ಷೆಯಲ್ಲಿ ಇದು ಸವೆತದ ದೊಡ್ಡ ವಲಯದಿಂದ ಬಹುದೂರ. ಅಲ್ಲಿ ಕಂಬಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಮೂಡಿ ನಿಲ್ಲುತ್ತದೆ. ಎಲ್ಲಿಯಾದರೂ ಹರಿದರೆ ಮತ್ತೆ ಕಟ್ಟಿಕೊಳ್ಳುತ್ತದೆ.

ಈ ರಕ್ಷಣೆ ಕಳೆದುಹೋಗುವುದು ಎರಡು ಬಗೆಯಲ್ಲಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಸುಣ್ಣವನ್ನು ಕಾರ್ಬೊನೇಟಾಗಿಸುತ್ತದೆ. ಆಗ ಪಿಎಚ್ 9ಕ್ಕಿಂತ ಕೆಳಗೆ ಬಂದು, ಚುಕ್ಕೆ ಎಡಕ್ಕೆ ಸರಿದು ಗಡಿಯ ಹತ್ತಿರ ನಿಲ್ಲುತ್ತದೆ. ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರೆ ಇದು ಕಣ್ಣಿಗೇ ಕಾಣುತ್ತದೆ: ಕ್ಷಾರ ಉಳಿದಿರುವ ಭಾಗ ಗುಲಾಬಿ ಬಣ್ಣ ತಾಳುತ್ತದೆ, ಕಾರ್ಬೊನೇಟಾದ ಭಾಗ ಬಣ್ಣ ಬದಲಿಸುವುದಿಲ್ಲ. ಬಣ್ಣವಿಲ್ಲದ ಪದರ ಕಂಬಿಯವರೆಗೂ ತಲುಪಿದ್ದರೆ ಪೊರೆಗೆ ಆಧಾರ ತಪ್ಪಿದೆ ಎಂದೇ ತಿಳಿಯಬೇಕು.

ಎರಡನೆಯದು ಉಪ್ಪು. ಕರಾವಳಿಯ ಗಾಳಿಯಿಂದಲೋ ತೊಳೆಯದ ಕಡಲಮರಳಿನಿಂದಲೋ ಬಂದ ಕ್ಲೋರೈಡು ಪಿಎಚ್ ಹೆಚ್ಚಿರುವಾಗಲೇ ಪೊರೆಯನ್ನು ಅಲ್ಲಲ್ಲಿ ಒಡೆಯಬಲ್ಲದು. ಇಲ್ಲಿ ನಕ್ಷೆಯನ್ನು ಎಚ್ಚರದಿಂದ ಓದಬೇಕು. ಕಬ್ಬಿಣ ಮತ್ತು ಶುದ್ಧ ನೀರನ್ನಷ್ಟೇ ಲೆಕ್ಕಕ್ಕೆ ಹಿಡಿದ ಹಾಳೆಗೆ ಕ್ಲೋರೈಡಿನ ಅರಿವೇ ಇಲ್ಲ. ಕುಳಿಯೊಳಗೆ ಕರಗಿದ ಕಬ್ಬಿಣ ನೀರಿನೊಂದಿಗೆ ವರ್ತಿಸಿ ಆಮ್ಲ ಹುಟ್ಟಿಸುತ್ತದೆ. ಸುತ್ತಲಿನ ಕಾಂಕ್ರೀಟು ಇನ್ನೂ ಪ್ರಬಲ ಕ್ಷಾರವಾಗಿರುವಾಗಲೇ ಆ ಸಣ್ಣ ಜಾಗದ ಪಿಎಚ್ ಆಮ್ಲದ ಕಡೆಗೆ ಕುಸಿಯುತ್ತದೆ. ಹಾಗಾಗಿ ಒಂದೇ ಕಂಬಿಯ ಮೇಲೆ ಎರಡು ಚುಕ್ಕೆ ಇಡಬೇಕಾಗುತ್ತದೆ, ಒಂದು ನಿಷ್ಕ್ರಿಯ ವಲಯದಲ್ಲಿ, ಇನ್ನೊಂದು ಸವೆತದ ವಲಯದಲ್ಲಿ. ಕೊನೆಗೆ ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡಿ ಹೊರಗಿನ ಕಾಂಕ್ರೀಟನ್ನು ಸಿಡಿಸುತ್ತದೆ.

ಅಷ್ಟರವರೆಗೆ ಕಾಯದೆ ತಿಳಿದುಕೊಳ್ಳುವ ಬಗೆಯೂ ವಿಭವದ ಅಳತೆಯೇ. ಕಂಬಿಗೆ ಒಂದು ತಂತಿ ಜೋಡಿಸಿ, ಕಾಂಕ್ರೀಟಿನ ಮೇಲೆ ತಾಮ್ರ–ತಾಮ್ರದ ಸಲ್ಫೇಟ್ ಎಲೆಕ್ಟ್ರೋಡನ್ನು ಇಟ್ಟು ವೋಲ್ಟ್‌ಮೀಟರ್ ನೋಡುತ್ತಾರೆ. ಓದು –200 ಮಿಲಿವೋಲ್ಟ್‌ಗಿಂತ ಮೇಲಿದ್ದರೆ ಅಲ್ಲಿ ಸವೆತ ನಡೆಯುತ್ತಿಲ್ಲ ಎನ್ನಲು ಶೇಕಡ 90ರಷ್ಟು ಸಂಭವ. –350ಕ್ಕಿಂತ ಕೆಳಗಿದ್ದರೆ ನಡೆಯುತ್ತಿದೆ ಎನ್ನಲು ಅಷ್ಟೇ ಸಂಭವ. ಈ ಎಲೆಕ್ಟ್ರೋಡಿನ ಸೊನ್ನೆ ಹೈಡ್ರೋಜನ್ನಿನ ಸೊನ್ನೆಗಿಂತ ಸುಮಾರು 0.32 ವೋಲ್ಟ್ ಮೇಲಿದೆ. ಪೂರ್ಬೆಯ ನಕ್ಷೆಯ ಮೇಲೆ ಚುಕ್ಕೆ ಇಡುವ ಮೊದಲು ಅಷ್ಟನ್ನು ಕೂಡಿಸದಿದ್ದರೆ ಕಂಬಿ ಬೇರೆಯೇ ವಲಯದಲ್ಲಿರುವಂತೆ ಕಾಣುತ್ತದೆ.

ನೆಲದಡಿಯ ಉಕ್ಕಿನ ಪೈಪುಗಳಿಗೆ ವಿದ್ಯುತ್ ಹರಿಸಿ ವಿಭವ ಇಳಿಸುವವರು ಇದೇ ಎಲೆಕ್ಟ್ರೋಡಿನಲ್ಲಿ –850 ಮಿಲಿವೋಲ್ಟ್ ತಲುಪಿಸುತ್ತಾರೆ. ಹೈಡ್ರೋಜನ್ ಅಳತೆಯಲ್ಲಿ ಅದು ಸುಮಾರು –0.53 ವೋಲ್ಟ್, ನಿರ್ಬಾಧ ವಲಯದ –0.62ಕ್ಕೆ ಇನ್ನೂ ತಲುಪಿಲ್ಲ. ಆದರೂ ಪೈಪು ಉಳಿಯುತ್ತದೆ. ಹರಿಸಿದ ವಿದ್ಯುತ್ತು ಉಕ್ಕಿಗೆ ತಾಗಿದ ನೀರನ್ನೇ ಕ್ಷಾರವಾಗಿಸುತ್ತದೆ, ಪಿಎಚ್ 10ರ ಹತ್ತಿರ ಹೋದರೆ –0.53 ವೋಲ್ಟ್ ನಿಷ್ಕ್ರಿಯ ವಲಯದೊಳಗೆ ಬೀಳುತ್ತದೆ. ನಕ್ಷೆಗೆ ಬೇಕಾದ ಪಿಎಚ್ ಲೋಹದ ಮೈಗೆ ತಾಗಿರುವ ನೀರಿನದು. ದೂರದ ಮಣ್ಣಿನದನ್ನು ಹಿಡಿದು ಓದಿದರೆ ಉತ್ತರ ತಪ್ಪುತ್ತದೆ.

ವೇಗವನ್ನಂತೂ ನಕ್ಷೆ ಹೇಳುವುದೇ ಇಲ್ಲ. ಸದಾ ನೀರಿನಡಿ ಇರುವ ಸೇತುವೆಯ ಕಂಬಗಳಲ್ಲಿ ಕಂಬಿಯ ಓದು –700 ಮಿಲಿವೋಲ್ಟ್‌ಗಿಂತಲೂ ಕೆಳಗೆ ಇಳಿದಿರಬಹುದು. ತಾರಸಿಯಲ್ಲಿ ಅಂಥ ಓದು ಸಿಕ್ಕರೆ ಎಂಜಿನಿಯರು ಕೂಡಲೇ ಅಲ್ಲಿ ಒಡೆದು ನೋಡುತ್ತಾರೆ. ನೀರಿನಡಿಯ ಕಂಬದಲ್ಲಾದರೆ ಹಲವು ಸಲ ಅದರ ಅರ್ಥ, ರಂಧ್ರಗಳೆಲ್ಲ ನೀರು ತುಂಬಿಕೊಂಡು ಆಮ್ಲಜನಕ ಒಳಗೆ ಬರುತ್ತಿಲ್ಲ ಎಂದಷ್ಟೇ. ಎಲೆಕ್ಟ್ರಾನುಗಳನ್ನು ಪಡೆಯಲು ಆಮ್ಲಜನಕವೇ ಇಲ್ಲದಿರುವುದರಿಂದ ಅಲ್ಲಿ ಕಬ್ಬಿಣ ಕರಗುವುದು ಅತಿ ನಿಧಾನ.