ಒಂದು F, ಮೂರು ಜೋಡಿ: ಫಲಿತಾಂಶ ಅಧ್ಯಾಯದಲ್ಲಿ ಅನೋವಾ

ಮೂರು ಅಥವಾ ಅದಕ್ಕಿಂತ ಹೆಚ್ಚು ಗುಂಪುಗಳ ಸರಾಸರಿಯನ್ನು ಹೋಲಿಸುವ ಏಕಮುಖ ಅನೋವಾ ಪರೀಕ್ಷೆ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಈ ಸರಾಸರಿಗಳೆಲ್ಲ ಒಂದೇ ಎಂದು ನಂಬಲು ಸಾಧ್ಯವೇ? ಇಲ್ಲ ಎಂದಾದರೆ ಯಾವುದು ಯಾವುದಕ್ಕಿಂತ ಬೇರೆ ಎಂಬುದನ್ನು ಅದು ಹೇಳುವುದಿಲ್ಲ, ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನೂ ಹೇಳುವುದಿಲ್ಲ. ಮಹಾಪ್ರಬಂಧದ ಫಲಿತಾಂಶ ಅಧ್ಯಾಯದಲ್ಲಿ ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲೇ. ಲೆಕ್ಕ ಸರಿಯಾಗಿಯೇ ಇರುತ್ತದೆ. ಅದರ ಮೇಲೆ ಬರೆದ ವಾಕ್ಯ ಲೆಕ್ಕ ಹೇಳದೇ ಇದ್ದುದನ್ನು ಹೇಳಿರುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ, ಆರ್ ತಂತ್ರಾಂಶದ ಜೊತೆಗೇ ಬರುವ `PlantGrowth` ಎಂಬ ಪುಟ್ಟ ದತ್ತಾಂಶ. ಆನೆಟ್ ಡಾಬ್ಸನ್ 1983ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕದಿಂದ ತೆಗೆದುಕೊಂಡದ್ದು. ಒಟ್ಟು 30 ಗಿಡಗಳು. ಹತ್ತಕ್ಕೆ ಯಾವ ಉಪಚಾರವೂ ಇಲ್ಲ, ಅದು ನಿಯಂತ್ರಣ ಗುಂಪು. ಉಳಿದ ಹತ್ತು ಹತ್ತು ಗಿಡಗಳಿಗೆ ಎರಡು ಬೇರೆ ಬೇರೆ ಉಪಚಾರ. ಅಳೆದದ್ದು ಒಣಗಿಸಿದ ಗಿಡದ ತೂಕವನ್ನು. ದತ್ತಾಂಶದ ವಿವರಣೆಯಲ್ಲಿ ತೂಕದ ಏಕಮಾನ ಕೊಟ್ಟಿಲ್ಲ. ಪಠ್ಯಪುಸ್ತಕದ ಉದಾಹರಣೆಯಲ್ಲಿ ಇದು ನಡೆದೀತು, ಪ್ರಬಂಧದಲ್ಲಿ ನಡೆಯದು. ಪರೀಕ್ಷೆ ನಡೆಸಲು ಮೂರು ಸಾಲು ಸಾಕು:

```
m <- aov(weight ~ group, data = PlantGrowth)
summary(m)
TukeyHSD(m)
```

ಬರವಣಿಗೆ ಮಾತ್ರ F ಇಂದ ಶುರುವಾಗಬಾರದು, ಸರಾಸರಿಗಳಿಂದ ಶುರುವಾಗಬೇಕು. ಓದುಗನಿಗೆ ಮೊದಲು ಗುಂಪುಗಳು ಕಣ್ಣಿಗೆ ಬೀಳಬೇಕು. ನಿಯಂತ್ರಣ ಗುಂಪಿನ ಸರಾಸರಿ ತೂಕ 5.03, ಮಾನಕ ವಿಚಲನೆ 0.58. ಮೊದಲ ಉಪಚಾರದ್ದು 4.66 ಮತ್ತು 0.79, ಎರಡನೆಯದರದ್ದು 5.53 ಮತ್ತು 0.44. ಈ ಆರು ಸಂಖ್ಯೆಗಳೇ ಅರ್ಧ ಕತೆ ಹೇಳಿಬಿಡುತ್ತವೆ: ಒಂದು ಉಪಚಾರ ನಿಯಂತ್ರಣಕ್ಕಿಂತ ಕೆಳಗೆ ಇಳಿದಿದೆ, ಇನ್ನೊಂದು ಮೇಲೆ ಏರಿದೆ.

ಅನೋವಾ ಒಟ್ಟು ಏರಿಳಿತವನ್ನು ಎರಡು ಪಾಲು ಮಾಡುತ್ತದೆ. ಗುಂಪುಗಳ ಸರಾಸರಿಗಳ ನಡುವಿನ ಅಂತರದಿಂದ ಬಂದ ವರ್ಗಗಳ ಮೊತ್ತ 3.77, ಒಂದೇ ಗುಂಪಿನ ಗಿಡಗಳು ತಮ್ಮತಮ್ಮಲ್ಲೇ ಬೇರೆಯಾಗಿರುವುದರಿಂದ ಬಂದದ್ದು 10.49. ಮೊದಲನೆಯದನ್ನು 2 ಸ್ವಾತಂತ್ರ್ಯ ಮಾತ್ರೆಗಳಿಂದಲೂ ಎರಡನೆಯದನ್ನು 27ರಿಂದಲೂ ಭಾಗಿಸಿದರೆ 1.88 ಮತ್ತು 0.39 ಸಿಗುತ್ತವೆ. ಮೊದಲನೆಯದು ಎರಡನೆಯದರ ಎಷ್ಟು ಪಟ್ಟು ಎಂಬುದೇ F. ಇದನ್ನು ಬರೆಯುವ ರೂಪ F(2, 27) = 4.85, p = 0.016. ಆವರಣದೊಳಗಿನ ಎರಡು ಸಂಖ್ಯೆಗಳನ್ನು ಬಿಡುವಂತಿಲ್ಲ. 2 ಎಂದರೆ ಮೂರು ಗುಂಪು, 27 ಎಂದರೆ ಲೆಕ್ಕಕ್ಕೆ ಸಿಕ್ಕ ಗಿಡಗಳು ಮೂವತ್ತು. ವಿಧಾನ ಅಧ್ಯಾಯದಲ್ಲಿ 36 ಗಿಡ ಎಂದು ಬರೆದು ಇಲ್ಲಿ 27 ಬಂದರೆ, ಆರು ಗಿಡ ಎಲ್ಲಿ ಹೋದವು ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ.

ಇಲ್ಲಿಗೆ ನಿಲ್ಲಿಸಿ, ‘ಉಪಚಾರಗಳು ಇಳುವರಿಯ ಮೇಲೆ ಗಮನಾರ್ಹ ಪರಿಣಾಮ ಬೀರಿವೆ’ ಎಂದು ಬರೆದುಬಿಡುವುದು ತೀರಾ ಸಾಮಾನ್ಯ. ಓದಿದವನು ಉಪಚಾರ ಮಾಡಿದರೆ ಗಿಡ ಚೆನ್ನಾಗಿ ಬೆಳೆಯುತ್ತದೆ ಎಂದುಕೊಳ್ಳುತ್ತಾನೆ. ಜೋಡಿ ಜೋಡಿಯಾಗಿ ಹೋಲಿಸಿದಾಗ ಆ ತಿಳಿವಳಿಕೆ ಉಳಿಯುವುದಿಲ್ಲ.

ಮೂರು ಗುಂಪಿಗೆ ಮೂರು ಜೋಡಿ. ಒಂದೊಂದಕ್ಕೂ ಬೇರೆ ಬೇರೆಯಾಗಿ ಟಿ-ಪರೀಕ್ಷೆ ಮಾಡಿದರೆ, ಪ್ರತಿಯೊಂದರಲ್ಲೂ ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಶೇ. 5ರ ಅಪಾಯ ಇರುತ್ತದೆ. ಮೂರೂ ಸೇರಿದರೆ ಅದು ಶೇ. 14ರ ಹತ್ತಿರಕ್ಕೆ ಹೋಗಬಹುದು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟೂಕಿ ಅವರ ಹೆಸರಿನ ವಿಧಾನ ಎಲ್ಲ ಜೋಡಿಗಳನ್ನೂ ಒಟ್ಟಿಗೆ ಹಿಡಿದು ಈ ಅಪಾಯವನ್ನು ಶೇ. 5ರೊಳಗೇ ಕಟ್ಟಿಹಾಕುತ್ತದೆ. ಇಲ್ಲಿ ಅದು ಕೊಡುವ ಉತ್ತರ ಹೀಗಿದೆ. ಎರಡನೆಯ ಉಪಚಾರ ಮೊದಲನೆಯದಕ್ಕಿಂತ 0.87 ಹೆಚ್ಚು, p = 0.012. ಆದರೆ ಎರಡನೆಯ ಉಪಚಾರಕ್ಕೂ ನಿಯಂತ್ರಣಕ್ಕೂ ಇರುವ 0.49ರ ಅಂತರಕ್ಕೆ p = 0.198, ಮೊದಲನೆಯದಕ್ಕೂ ನಿಯಂತ್ರಣಕ್ಕೂ ಇರುವ 0.37ರ ಅಂತರಕ್ಕೆ p = 0.391. ಅಂದರೆ ಏನೂ ಮಾಡದೆ ಬಿಟ್ಟ ಗಿಡಗಳಿಗಿಂತ ಬೇರೆ ಎಂದು ಯಾವ ಉಪಚಾರವೂ ಸಾಬೀತಾಗಿಲ್ಲ. F ಹಿಡಿದದ್ದು ಎರಡು ಉಪಚಾರಗಳ ನಡುವಿನ ಅಂತರವನ್ನು. ಸಂಶೋಧಕ ಕೇಳಿದ್ದ ಪ್ರಶ್ನೆ ಬಹುಶಃ ಅದಾಗಿರಲಿಲ್ಲ!

ಹಾಗೆಂದು ‘ಎರಡನೆಯ ಉಪಚಾರಕ್ಕೂ ನಿಯಂತ್ರಣಕ್ಕೂ ವ್ಯತ್ಯಾಸವಿಲ್ಲ’ ಎಂದು ಬರೆದರೂ ತಪ್ಪೇ. ಆ ಅಂತರದ ಶೇ. 95ರ ವಿಶ್ವಾಸ ವ್ಯಾಪ್ತಿ −0.20ರಿಂದ 1.19ರವರೆಗೆ ಹರಡಿದೆ. ಒಂದು ತುದಿಯಲ್ಲಿ ಸಣ್ಣ ನಷ್ಟ, ಇನ್ನೊಂದು ತುದಿಯಲ್ಲಿ ನಿಯಂತ್ರಣದ ತೂಕದ ಸುಮಾರು ಕಾಲು ಭಾಗದಷ್ಟು ಲಾಭ; ಎರಡಕ್ಕೂ ಈ ದತ್ತಾಂಶ ಬಾಗಿಲು ತೆರೆದೇ ಇಟ್ಟಿದೆ. ಹತ್ತು ಗಿಡಗಳಿಂದ ಇದಕ್ಕಿಂತ ಖಚಿತವಾದ ಮಾತು ಹೊರಡುವುದಿಲ್ಲ. ‘ವ್ಯತ್ಯಾಸ ಕಂಡುಬಂದಿಲ್ಲ’ ಎನ್ನುವುದಕ್ಕೂ ‘ವ್ಯತ್ಯಾಸ ಇಲ್ಲ’ ಎನ್ನುವುದಕ್ಕೂ ಇರುವ ದೂರವನ್ನು ತೋರಿಸುವುದು ಈ ವ್ಯಾಪ್ತಿಯೇ. ಆದ್ದರಿಂದ p ಒಂದನ್ನೇ ಬರೆದು ಇದನ್ನು ಬಿಡುವುದು ಸರಿಯಲ್ಲ.

ಇನ್ನು ಪರಿಣಾಮದ ಗಾತ್ರ. ಗುಂಪುಗಳ ನಡುವಿನ 3.77ನ್ನು ಒಟ್ಟು ಮೊತ್ತವಾದ 14.26ರಿಂದ ಭಾಗಿಸಿದರೆ η² = 0.26. ತೂಕದಲ್ಲಿ ಕಂಡ ಏರಿಳಿತದ ಸುಮಾರು ಕಾಲು ಭಾಗಕ್ಕೆ ಗುಂಪಿನ ಲೆಕ್ಕ ಸಿಗುತ್ತದೆ ಎಂದರ್ಥ. ಚಿಕ್ಕ ಮಾದರಿಯಲ್ಲಿ ಈ ಅಳತೆ ಸ್ವಲ್ಪ ಉಬ್ಬಿರುತ್ತದೆ. ಉಬ್ಬನ್ನು ತಗ್ಗಿಸುವ ω² ಇಲ್ಲಿ 0.20. ಎರಡರಲ್ಲಿ ಯಾವುದನ್ನು ಬರೆದರೂ ಅದರ ಹೆಸರು ಹೇಳಬೇಕು. ಜೇಕಬ್ ಕೋಹೆನ್ ಸೂಚಿಸಿದ ಅಳತೆಗೋಲಿನಲ್ಲಿ 0.14 ದಾಟಿದರೆ ಪರಿಣಾಮ ದೊಡ್ಡದು. ಆದರೆ ಈ ‘ದೊಡ್ಡದು’ ಮೂರೂ ಗುಂಪುಗಳನ್ನು ಒಟ್ಟಿಗೆ ನೋಡಿ ಹೇಳಿದ್ದು. ಅದನ್ನು ಎತ್ತಿ ಒಂದು ಉಪಚಾರದ ತಲೆಯ ಮೇಲೆ ಕಿರೀಟದಂತೆ ಇಡಲಾಗದು. ಜೋಡಿಯ ಗಾತ್ರ ಬೇಕಿದ್ದರೆ ಸರಾಸರಿಗಳ ಅಂತರವನ್ನು ಗುಂಪಿನೊಳಗಿನ ಮಾನಕ ವಿಚಲನೆ 0.62ರಿಂದ ಭಾಗಿಸಬೇಕು: ಎರಡು ಉಪಚಾರಗಳ ನಡುವೆ ಅದು 1.39.

ಇಷ್ಟೂ ಸೇರಿ ಅಧ್ಯಾಯದಲ್ಲಿ ಒಂದು ಪ್ಯಾರಾ ಆಗುತ್ತದೆ:

“ಮೂರು ಗುಂಪುಗಳ ಒಣ ತೂಕದ ಸರಾಸರಿಗಳು ಗಮನಾರ್ಹವಾಗಿ ಭಿನ್ನವಾಗಿದ್ದವು, F(2, 27) = 4.85, p = 0.016, η² = 0.26. ಟೂಕಿ ಹೋಲಿಕೆಯ ಪ್ರಕಾರ ಎರಡನೆಯ ಉಪಚಾರದ ಗಿಡಗಳ ತೂಕ ಮೊದಲನೆಯದಕ್ಕಿಂತ 0.87 ಹೆಚ್ಚಿತ್ತು (ಶೇ. 95ರ ವಿಶ್ವಾಸ ವ್ಯಾಪ್ತಿ 0.17ರಿಂದ 1.56, p = 0.012). ನಿಯಂತ್ರಣ ಗುಂಪಿಗೂ ಯಾವುದೇ ಉಪಚಾರಕ್ಕೂ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ (ಮೊದಲನೆಯದು p = 0.391, ಎರಡನೆಯದು p = 0.198).”

ಸರಾಸರಿ, ಮಾನಕ ವಿಚಲನೆ ಮತ್ತು ಉಳಿದ ವಿಶ್ವಾಸ ವ್ಯಾಪ್ತಿಗಳು ಪಕ್ಕದ ಕೋಷ್ಟಕಕ್ಕೆ ಸೇರುತ್ತವೆ. ತಂತ್ರಾಂಶ p ಜಾಗದಲ್ಲಿ .000 ಎಂದು ತೋರಿಸಿದರೆ ಅದನ್ನು ಹಾಗೇ ಇಳಿಸಬಾರದು. ಅದು ಸೊನ್ನೆಯಲ್ಲ, ಮೂರು ದಶಾಂಶದೊಳಗೆ ಕಾಣದಷ್ಟು ಚಿಕ್ಕದು. P < 0.001 ಎಂದು ಬರೆಯಬೇಕು.

ಯಾವ ಹೋಲಿಕೆ ಬಳಸುವುದು ಎಂಬುದು ಫಲಿತಾಂಶ ನೋಡುವ ಮೊದಲೇ ತೀರ್ಮಾನವಾಗಿರಬೇಕು. ಪ್ರಶ್ನೆ ನಿಯಂತ್ರಣದ ಜೊತೆಗಿನ ಹೋಲಿಕೆ ಮಾತ್ರವಾಗಿದ್ದರೆ ಅದಕ್ಕೆಂದೇ ಇರುವ ಡನೆಟ್ ವಿಧಾನವಿದೆ. ಟೂಕಿಯಲ್ಲಿ ಸಿಗದ ನಕ್ಷತ್ರ ಚಿಹ್ನೆಗಾಗಿ ಆಮೇಲೆ ಅದರ ಕಡೆ ಹೊರಳುವುದು ಬೇರೆ ಮಾತು. ಗುಂಪುಗಳ ಒಳಗಿನ ಹರಡುವಿಕೆ ತೀರ ಅಸಮವಾಗಿದ್ದರೆ ಟೂಕಿಯನ್ನೂ ನೆಚ್ಚುವಂತಿಲ್ಲ. ಇಲ್ಲಿ 0.79 ಮತ್ತು 0.44 ಎಂಬ ವಿಚಲನೆಗಳು ದೂರ ಕಂಡರೂ ಲೆವೀನ್ ಪರೀಕ್ಷೆ ತಕರಾರು ತೆಗೆಯುವುದಿಲ್ಲ (p = 0.341); ಗುಂಪಿನ ಗಾತ್ರಗಳೂ ಸಮ. ತಕರಾರು ಬಂದರೆ ವೆಲ್ಚ್ ಅನೋವಾ, ಅದರ ಹಿಂದೆ ಗೇಮ್ಸ್-ಹಾವೆಲ್ ಹೋಲಿಕೆ. ಆಗ ಆವರಣದೊಳಗಿನ ಎರಡನೆಯ ಸಂಖ್ಯೆ ಸಾಮಾನ್ಯವಾಗಿ ದಶಾಂಶದಲ್ಲಿ ಬರುತ್ತದೆ. ಅದನ್ನು ಅಚ್ಚಿನ ತಪ್ಪು ಎಂದುಕೊಂಡು ಪೂರ್ಣಾಂಕಕ್ಕೆ ತಿದ್ದಬಾರದು. ಬಂದ ಹಾಗೆಯೇ ಬರೆಯಬೇಕು.